ತಿಥಿಯನ್ನು ಎಕ್ಸೆಲ್‌ನಲ್ಲಿ ಎಳೆದು ತುಂಬಬೇಡಿ

ಇವತ್ತು ನನಗೆ ನಿಜವಾಗಿಯೂ ಸಿಟ್ಟು ಬಂದಿದೆ. ನಮ್ಮ ಪ್ರೆಸ್ಸಿಗೆ ಒಂದು ಸೊಸೈಟಿಯವರ 2026ರ ಗೋಡೆ ಕ್ಯಾಲೆಂಡರ್ ಪ್ರೂಫಿಗೆ ಬಂದಿತ್ತು. ಡಿಸೈನ್ ಮಾಡಿದ ಹುಡುಗ ಬುದ್ಧಿವಂತ. ಬಣ್ಣ ಚೆನ್ನಾಗಿದೆ, ಅಂಕಿ ದೊಡ್ಡದಾಗಿದೆ, ಭಾನುವಾರ ಕೆಂಪಗಿದೆ. "ಅಕ್ಕಾ, ಯಾವ ವರ್ಷ ಹಾಕಿದರೂ ತಿಥಿ ತಾನೇ ಕೂತ್ಕೊಳ್ಳೋ ಹಾಗೆ ಟೆಂಪ್ಲೇಟ್ ಮಾಡಿದ್ದೀನಿ" ಅಂದ. ಅಲ್ಲೇ ನನಗೆ ಅನುಮಾನ ಬಂತು.

ಇಂಥ ಟೆಂಪ್ಲೇಟ್ ಬಂದರೆ ನಾನು ಮೊದಲು 2024ರ ಅಕ್ಟೋಬರ್ ಹಾಕಿ ನೋಡುತ್ತೇನೆ. ಹುಣ್ಣಿಮೆ 17ಕ್ಕೆ ಸರಿಯಾಗಿ ಬಂತು. ಅಮಾವಾಸ್ಯೆ ನವೆಂಬರ್ 1ಕ್ಕೆ ಸರಿಯಾಗಿ ಬಂತು. ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೇ ಓಕೆ ಹೇಳಿಬಿಡುತ್ತಿದ್ದರು. ಆದರೆ ನಡುವೆ 21ರಿಂದ 27ರವರೆಗೆ ಏಳು ದಿನದ ತಿಥಿಯೂ ತಪ್ಪು!

ಆಗಿದ್ದು ಇಷ್ಟು. ಅವನು ಎಕ್ಸೆಲ್‌ನಲ್ಲಿ ಪಾಡ್ಯ, ಬಿದಿಗೆ, ತದಿಗೆ, ಚೌತಿ ಅಂತ ಬರೆದು ಕೆಳಗೆ ಎಳೆದುಬಿಟ್ಟಿದ್ದಾನೆ, ದಿನಕ್ಕೊಂದು ತಿಥಿ ಅನ್ನೋ ಲೆಕ್ಕದಲ್ಲಿ. ಆದರೆ ಚಂದ್ರನಿಗೆ ನಮ್ಮ 24 ಗಂಟೆಯ ಹಂಗಿಲ್ಲ. ಸೂರ್ಯನಿಂದ ಚಂದ್ರ 12 ಡಿಗ್ರಿ ದೂರ ಸರಿದರೆ ಒಂದು ತಿಥಿ. ಚಂದ್ರ ಭೂಮಿಗೆ ಹತ್ತಿರ ಇದ್ದಾಗ ಬೇಗ ಓಡುತ್ತಾನೆ, ದೂರ ಹೋದಾಗ ನಿಧಾನ. ಹಾಗಾಗಿ ಒಂದು ತಿಥಿ ಕೆಲವೊಮ್ಮೆ 20 ಗಂಟೆಯೊಳಗೆ ಮುಗಿಯುತ್ತದೆ, ಕೆಲವೊಮ್ಮೆ 26 ಗಂಟೆ ದಾಟುತ್ತದೆ. ಕ್ಯಾಲೆಂಡರ್ ಚೌಕದಲ್ಲಿ ನಾವು ಹಾಕುವುದು ಆ ದಿನ ಸೂರ್ಯ ಹುಟ್ಟುವಾಗ ಇರುವ ತಿಥಿ.

ಈಗ ಆ ಅಕ್ಟೋಬರ್ ನೋಡಿ. ಹುಣ್ಣಿಮೆ ದಿನವೇ ಚಂದ್ರ ಭೂಮಿಗೆ ತುಂಬ ಹತ್ತಿರ ಇದ್ದ. ಅದಾದ ಮೇಲಿನ ತಿಥಿಗಳೆಲ್ಲ ಚಿಕ್ಕವು. 20ರ ಭಾನುವಾರ ಬೆಂಗಳೂರಲ್ಲಿ ಸೂರ್ಯ ಹುಟ್ಟಿದ್ದು ಸುಮಾರು 6-10ಕ್ಕೆ. ಆಗ ಇನ್ನೂ ತದಿಗೆ. ಚೌತಿ ಶುರುವಾಗಿದ್ದು 6-46ಕ್ಕೆ, ಮುಗಿದಿದ್ದು ಮರುದಿನ ಬೆಳಗಿನ ಜಾವ 4-16ಕ್ಕೆ. 21ರ ಸೂರ್ಯ ಹುಟ್ಟುವ ಹೊತ್ತಿಗೆ ಪಂಚಮಿ ಬಂದಾಗಿತ್ತು. ಅಂದರೆ ಚೌತಿಗೆ ಒಂದೂ ಸೂರ್ಯೋದಯ ಸಿಗಲಿಲ್ಲ. ಇದನ್ನೇ ಕ್ಷಯ ತಿಥಿ ಅನ್ನುವುದು. ಚೌಕದಲ್ಲಿ ತದಿಗೆ ಆದಮೇಲೆ ನೇರ ಪಂಚಮಿ ಬರಬೇಕು.

ತಿಂಗಳ ಕೊನೆ ಹೊತ್ತಿಗೆ ಚಂದ್ರ ದೂರ ಹೋಗಿದ್ದ, ತಿಥಿಗಳು ಉದ್ದವಾದವು. ಏಕಾದಶಿ 27ರ ಬೆಳಗಿನ ಜಾವ 5-23ಕ್ಕೆ ಶುರುವಾಗಿ 28ರ ಬೆಳಿಗ್ಗೆ 7-50ರವರೆಗೆ ಇತ್ತು. ಅದಕ್ಕೆ ಎರಡು ಸೂರ್ಯೋದಯ ಸಿಕ್ಕವು. ಇದು ವೃದ್ಧಿ. ಎರಡು ಚೌಕದಲ್ಲೂ ಏಕಾದಶಿಯೇ ಬರಬೇಕು.

ಒಂದು ತಿಥಿ ಹೋಯಿತು, ಇನ್ನೊಂದು ಎರಡು ಸಲ ಬಂತು. ಹಾಗಾಗಿ ಎಳೆದು ತುಂಬಿದ ಪಟ್ಟಿ 21ಕ್ಕೆ ದಾರಿ ತಪ್ಪಿ 28ಕ್ಕೆ ತಾನಾಗಿಯೇ ಸರಿಹೋಯಿತು. ಹುಣ್ಣಿಮೆ, ಅಮಾವಾಸ್ಯೆ ಮಾತ್ರ ನೋಡುವ ಪ್ರೂಫ್ ರೀಡರ್‌ಗೆ ಈ ತಪ್ಪು ಕಾಣುವುದೇ ಇಲ್ಲ. ನನ್ನ ಸಿಟ್ಟು ಇದಕ್ಕೇ.

"ಅಕ್ಕಾ, ಅಷ್ಟು ಸಣ್ಣ ಅಕ್ಷರ ಯಾರು ನೋಡ್ತಾರೆ? ಎಲ್ಲರ ಹತ್ರ ಫೋನ್ ಇದೆಯಲ್ಲ" ಅಂದ. ಫೋನ್ ನೋಡುವವರು ಗೋಡೆ ಕ್ಯಾಲೆಂಡರನ್ನು ನೋಡುವುದಿಲ್ಲ, ಸರಿ. ಆದರೆ ಗೋಡೆ ಕ್ಯಾಲೆಂಡರ್ ನೋಡುವವರು ಅದನ್ನೇ ನಂಬುತ್ತಾರೆ. ನಮ್ಮಮ್ಮ ಸಂಕಷ್ಟಿ ಮಾಡುತ್ತಾರೆ. ರಾತ್ರಿ ಚಂದ್ರ ನೋಡುವವರೆಗೆ ಊಟ ಇಲ್ಲ. ಸಂಕಷ್ಟಿಗೆ ಲೆಕ್ಕ ಚಂದ್ರೋದಯದ ಹೊತ್ತಿನ ಚೌತಿ, ಸೂರ್ಯೋದಯದ್ದಲ್ಲ. ಆ ತಿಂಗಳು ಅದು 20ಕ್ಕೆ. ಈ ಹುಡುಗನ ಟೆಂಪ್ಲೇಟ್ ಸಂಕಷ್ಟಿಯನ್ನು ಚೌತಿ ಚೌಕಕ್ಕೆ ಅಂಟಿಸಿದ್ದರಿಂದ 21ಕ್ಕೆ ಹೋಗಿ ಕೂತಿತ್ತು. ಅವತ್ತು ರಾತ್ರಿ ಚಂದ್ರ ಹುಟ್ಟುವಾಗ ಪಂಚಮಿ. ವಯಸ್ಸಾದವರನ್ನು ತಪ್ಪು ದಿನ ಉಪವಾಸ ಕೂರಿಸುವ ಹಕ್ಕು ನಮಗೆ ಯಾರು ಕೊಟ್ಟರು?

ಹಬ್ಬವನ್ನು ತಿಥಿಯ ಹೆಸರಿಗೆ ಅಂಟಿಸಲೇಬಾರದು. ಒಂದೊಂದು ಹಬ್ಬಕ್ಕೆ ಒಂದೊಂದು ಹೊತ್ತು. ಗಣೇಶನ ಚೌತಿಗೆ ಮಧ್ಯಾಹ್ನ, ಶಿವರಾತ್ರಿಗೆ ಮಧ್ಯರಾತ್ರಿ, ಸಂಕಷ್ಟಿಗೆ ಚಂದ್ರೋದಯ. ಹಬ್ಬಗಳ ಪಟ್ಟಿ ಪಂಚಾಂಗದಿಂದ ಬೇರೆಯಾಗಿಯೇ ಬರಬೇಕು, ತಾರೀಕಿನ ಜೊತೆಗೆ. ಆಗ ಜನ ಕೇಳುವುದುಂಟು: ಚೌಕದಲ್ಲಿ ತದಿಗೆ ಇದೆ, ಸಂಕಷ್ಟಿ ಅಂತಲೂ ಇದೆ, ಅಚ್ಚಿನ ತಪ್ಪಾ? ಅದಕ್ಕೇ ತಿಥಿ ಮುಗಿಯುವ ಹೊತ್ತು ಹಾಕಿ ಅನ್ನುವುದು. "ತದಿಗೆ 6-46ರವರೆಗೆ, ನಂತರ ಚೌತಿ." ಇಷ್ಟೇ.

ಚಂದ್ರನ ಚಿತ್ರವೂ ಅದೇ ಪಟ್ಟಿಯನ್ನು ಹಿಡಿದು ಹೋಗಿತ್ತು. ಅರ್ಧಚಂದ್ರ ಇರಬೇಕಾದ್ದು 24ಕ್ಕೆ, ಅಷ್ಟಮಿ ದಿನ. ಕೂತಿದ್ದು 25ಕ್ಕೆ. ಅದೂ ಬಲಗಡೆ ಬೆಳಕಿರುವ ಅರ್ಧ! ನಮ್ಮ ಆಕಾಶದಲ್ಲಿ ಶುಕ್ಲ ಪಕ್ಷದ ಅಷ್ಟಮಿಗೆ ಬೆಳಕು ಪಡುವಣಕ್ಕೆ, ತೆಂಕಣಕ್ಕೆ ಮುಖ ಮಾಡಿ ನಿಂತರೆ ಬಲಕ್ಕೆ. ಬಹುಳದಲ್ಲಿ ಎಡಕ್ಕೆ. ಇದನ್ನು ತಿಳಿಯಲು ಪುಸ್ತಕ ಬೇಡ, ಮಹಡಿ ಹತ್ತಿದರೆ ಸಾಕು.

ಜಾಗ ಇಲ್ಲ ಅನ್ನುವುದು ಇನ್ನೊಂದು ವಾದ. ಜಾಗ ಇದೆ. ಹಾಳೆಯ ಮೇಲಿನ ಅರ್ಧ ಭಾಗ ಅಧ್ಯಕ್ಷರ ಮತ್ತು ನಿರ್ದೇಶಕರ ಫೋಟೋಗೆ ಹೋಗಿದೆ. ಕೆಳಗಿನ ಚೌಕದಲ್ಲಿ ತ್ರಯೋದಶಿಯ ಒತ್ತಕ್ಷರ ಕೆಳಗಿನ ಗೆರೆಗೆ ತಾಗುತ್ತಿದೆ. ಇಂಗ್ಲಿಷ್ ಅಕ್ಷರಕ್ಕೆ ಮಾಡಿದ ಸಾಲಿನ ಅಂತರ ಕನ್ನಡಕ್ಕೆ ಸಾಲುವುದಿಲ್ಲ. 9 ಪಾಯಿಂಟ್ ಅಕ್ಷರ ಇದ್ದರೆ ನಾನು 13 ಪಾಯಿಂಟ್ ಸಾಲು ಕೊಡುತ್ತೇನೆ, ಆಗ ಒತ್ತು ಉಸಿರಾಡುತ್ತದೆ. ಸಾಲದ್ದಕ್ಕೆ 2026ರ ಆಗಸ್ಟ್ ಶನಿವಾರ ಶುರುವಾಗುತ್ತದೆ, ಆರು ಸಾಲು ಬೇಕು. ಐದೇ ಸಾಲು ಇಟ್ಟು 23ರ ಚೌಕವನ್ನು ಓರೆಯಾಗಿ ಸೀಳಿ 30, 24ರಲ್ಲಿ 31 ತುರುಕಿದ್ದಾನೆ. ಆ ನಾಲ್ಕು ದಿನಕ್ಕೆ ತಿಥಿ ಬರೆಯುವುದೆಲ್ಲಿ? ಆರನೇ ಸಾಲು ಕೊಡಿ, ಫೋಟೋ ಎರಡು ಇಂಚು ಕಡಿಮೆ ಮಾಡಿ.

ಇನ್ನೂ ಒಂದು. ಈ ಸೊಸೈಟಿಯವರು ಇದೇ ಕ್ಯಾಲೆಂಡರನ್ನು ಅಮೆರಿಕದಲ್ಲಿರುವ ಸದಸ್ಯರ ಮಕ್ಕಳಿಗೂ ಕಳಿಸುತ್ತಾರಂತೆ. ಬೆಂಗಳೂರಲ್ಲಿ ಮಾಯವಾದ ಆ ಚೌತಿ ನ್ಯೂಜೆರ್ಸಿಯಲ್ಲಿ ಮಾಯವಾಗಿರಲಿಲ್ಲ. ಅಲ್ಲಿನ ಗಡಿಯಾರದಲ್ಲಿ ಅದು 19ರ ರಾತ್ರಿ 9-16ಕ್ಕೆ ಶುರುವಾಗಿ 20ರ ಸಂಜೆ 6-46ರವರೆಗೆ ಇತ್ತು. 20ರ ಸೂರ್ಯೋದಯ ಅದರ ನಡುವೆಯೇ ಬಂತು. ಹಾಗಾಗಿ ಅಲ್ಲಿನ ಚೌಕಕ್ಕೆ ಚೌತಿಯೇ ಸರಿ. ಕ್ಯಾಲೆಂಡರ್ ಯಾವ ಊರಿನ ಲೆಕ್ಕ ಅಂತ ಮೂಲೆಯಲ್ಲಿ ಒಂದು ಸಾಲು ಅಚ್ಚು ಹಾಕಿದರೆ ಏನು ಗಂಟು ಹೋಗುತ್ತೆ? ಹಾಗೇ ಲೆಕ್ಕ ಆಕಾಶದಲ್ಲಿ ಕಾಣುವುದಕ್ಕೆ ಹೊಂದುವ ದೃಕ್ ಗಣಿತದ್ದೋ ಹಳೆಯ ಗ್ರಂಥವಾದ ಸೂರ್ಯಸಿದ್ಧಾಂತದ್ದೋ ಅನ್ನುವುದನ್ನೂ ಹಾಕಬೇಕು. ನಾನು ಮೇಲೆ ಹೇಳಿದ ಹೊತ್ತುಗಳೆಲ್ಲ ದೃಕ್ ಲೆಕ್ಕದವು. ಎರಡರ ನಡುವೆ ಕೆಲವೊಮ್ಮೆ ಗಂಟೆಗಟ್ಟಲೆ ವ್ಯತ್ಯಾಸ ಬರುತ್ತದೆ. ಮಠದ ಪಂಚಾಂಗ ಪಾಲಿಸುವವರಿಗೆ ಅದು ಗೊತ್ತಿರುತ್ತದೆ, ಅವರು ಹುಡುಕುವುದೇ ಆ ಸಾಲನ್ನು.

ಫೈಲು ವಾಪಸ್ ಕಳಿಸಿದ್ದೇನೆ. ಎಳೆದ ಪಟ್ಟಿ ತೆಗೆದು ಪಂಚಾಂಗ ಎದುರಿಗಿಟ್ಟುಕೊಂಡು 365 ಚೌಕವನ್ನೂ ಕೈಯಾರೆ ತುಂಬಿ ತರಲಿ, ನಾನೂ ಜೊತೆಗೆ ಕೂತು ಒಂದೊಂದಾಗಿ ಓದುತ್ತೇನೆ. ಟೈಮ್ ಇಲ್ಲ ಅಂದರೆ ಬೇರೆ ಕಡೆ ಅಚ್ಚು ಹಾಕಿಸಲಿ. ಈ ಹಾಳೆಯ ಕೆಳಗೆ ನಮ್ಮ ಪ್ರೆಸ್ಸಿನ ಹೆಸರು ಬರುವುದಿಲ್ಲ.