ನಲವತ್ತೆಂಟು ಪದಗಳ ಕೆರೆ

ಕೇಂದ್ರ ಲೋಕಸೇವಾ ಆಯೋಗದ ಮುಖ್ಯ ಪರೀಕ್ಷೆಯಲ್ಲಿ 300 ಅಂಕಗಳ ಕಡ್ಡಾಯ ಕನ್ನಡ ಪತ್ರಿಕೆಯೊಂದಿದೆ. ಅದರಲ್ಲಿ 60 ಅಂಕಗಳು ಸಂಕ್ಷೇಪ ಲೇಖನಕ್ಕೆ ಮೀಸಲು. ಕೊಟ್ಟ ಗದ್ಯಭಾಗವನ್ನು ಮೂರನೆಯ ಒಂದು ಭಾಗಕ್ಕೆ ಇಳಿಸಿ ಸ್ವಂತ ಮಾತುಗಳಲ್ಲಿ ಬರೆಯಬೇಕು. ಈ ‘ಸ್ವಂತ ಮಾತು’ ಎಷ್ಟು ಜನರನ್ನು ದಾರಿ ತಪ್ಪಿಸುತ್ತದೆ ಎಂಬುದು ಪರೀಕ್ಷೆಗೆ ಕುಳಿತಿರುವ ಅಣ್ಣನ ಮಗಳಿಗೆ ಅಭ್ಯಾಸ ಮಾಡಿಸಲು ಹೊರಟಾಗ ನನಗೆ ತಿಳಿಯಿತು. ಅವಳಿಗಾಗಿ ನಾನೇ ಬರೆದ 48 ಪದಗಳ ಗದ್ಯ ಹೀಗಿತ್ತು:

“ಮಳೆಗಾಲದಲ್ಲಿ ಹರಿದು ಬರುವ ನೀರು ತನ್ನೊಡನೆ ಮಣ್ಣನ್ನೂ ತಂದು ಕೆರೆಯ ತಳದಲ್ಲಿ ಬಿಡುತ್ತದೆ. ಹಿಂದೆ ಬೇಸಿಗೆಯಲ್ಲಿ ಕೆರೆ ಒಣಗಿದಾಗ ರೈತರು ಈ ಹೂಳನ್ನು ಗಾಡಿಗಳಲ್ಲಿ ತುಂಬಿ ಹೊಲಗಳಿಗೆ ಗೊಬ್ಬರವಾಗಿ ಹಾಕುತ್ತಿದ್ದರು. ಇದರಿಂದ ಹೊಲವೂ ಫಲವತ್ತಾಗುತ್ತಿತ್ತು, ಕೆರೆಯೂ ಆಳವಾಗಿ ಉಳಿಯುತ್ತಿತ್ತು. ರಾಸಾಯನಿಕ ಗೊಬ್ಬರ ಸುಲಭವಾಗಿ ಸಿಗತೊಡಗಿದ ಮೇಲೆ ಹಲವು ಊರುಗಳಲ್ಲಿ ಈ ರೂಢಿ ನಿಂತಿತು. ಅಂಥ ಕೆರೆಗಳು ಈಗ ಒಂದೆರಡು ಮಳೆಗೇ ಕೋಡಿ ಬೀಳುತ್ತವೆ, ಬೇಸಿಗೆಗೆ ಮೊದಲೇ ಒಣಗುತ್ತವೆ.”

ಅವಳ ಮೊದಲ ಪ್ರಯತ್ನ ಶುರುವಾದದ್ದು “ವರ್ಷಾಕಾಲದಲ್ಲಿ ಪ್ರವಹಿಸುವ ಜಲವು ಮೃತ್ತಿಕೆಯನ್ನು ತಟಾಕದ ತಳಕ್ಕೆ ಒಯ್ಯುತ್ತದೆ” ಎಂದು. ಮಳೆಗಾಲ ವರ್ಷಾಕಾಲವಾಗಿತ್ತು, ಮಣ್ಣು ಮೃತ್ತಿಕೆಯಾಗಿತ್ತು, ನಮ್ಮೂರ ಕೆರೆ ಪಾಪ ತಟಾಕವಾಗಿತ್ತು. ಆದರೆ ವಾಕ್ಯದ ಎಲುಬುಗೂಡು ನನ್ನದೇ. ಶಾಲೆಯಲ್ಲಿ ನಾವು ಉರು ಹೊಡೆದ ಸಮಾನಾರ್ಥಕ ಪದಗಳ ಪಟ್ಟಿ ಈ ಕೆಲಸಕ್ಕೇ ಇದೆ ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿ ಬೇರೂರಿದೆ. ಪದಕ್ಕೆ ಪದ ಬದಲಿಸುತ್ತ ಹೋಗುವವರಿಗೆ ಗದ್ಯ ಅರ್ಥವಾಗಲೇಬೇಕೆಂದಿಲ್ಲ. ಅವಳಿಗೂ ಅರ್ಥವಾಗಿರಲಿಲ್ಲ ಎಂಬುದು ಹೊರಬಿದ್ದದ್ದು ನಾನು ಹಾಳೆಯನ್ನು ಮಗುಚಿಟ್ಟು, “ಕೆರೆ ಒಂದೆರಡು ಮಳೆಗೇ ಕೋಡಿ ಬೀಳುವುದು ಒಳ್ಳೆಯದೋ ಕೆಟ್ಟದ್ದೋ?” ಎಂದು ಕೇಳಿದಾಗ.

“ಒಳ್ಳೆಯದೇ ಅಲ್ಲವೇ ಚಿಕ್ಕಪ್ಪ? ಕೆರೆ ತುಂಬಿದರೆ ಊರಿನವರು ಬಾಗಿನ ಕೊಡುತ್ತಾರೆ” ಎಂದಳು.

ತಪ್ಪು ಪೂರ್ತಿ ಅವಳದಲ್ಲ. ಹೂಳು ತುಂಬಿ ಕೆರೆಯ ಆಳ ಕಡಿಮೆಯಾಯಿತು ಎಂಬ ಮಾತನ್ನು ನಾನು ಗದ್ಯದಲ್ಲಿ ಎಲ್ಲಿಯೂ ಬರೆದಿರಲಿಲ್ಲ. ಅದನ್ನು ಓದುವವರು ನಾಲ್ಕನೆಯ ಮತ್ತು ಐದನೆಯ ವಾಕ್ಯಗಳ ನಡುವೆ ತಾವೇ ಊಹಿಸಿಕೊಳ್ಳಬೇಕು. ಹಾಗೆ ಊಹಿಸಿಕೊಳ್ಳದವರಿಗೆ ಕೋಡಿ ಬಿದ್ದ ಕೆರೆ ತುಂಬಿದ ಕೆರೆಯಾಗಿಯೇ ಕಾಣುತ್ತದೆ.

ಎರಡನೆಯ ಪ್ರಯತ್ನದಲ್ಲಿ ಹಾಳೆ ನೋಡದೆ ಬರೆದಳು: “ರಾಸಾಯನಿಕ ಗೊಬ್ಬರದಿಂದ ಕೆರೆಗಳು ಹಾಳಾಗಿವೆ, ಸರ್ಕಾರ ಕೂಡಲೇ ಹೂಳೆತ್ತಿಸಬೇಕು.” ಮಾತು ಸ್ವಂತದ್ದು, ಅಳತೆಯೂ ಚಿಕ್ಕದು. ಆದರೆ ಇದನ್ನಷ್ಟೇ ಓದಿದವರು ಗೊಬ್ಬರದ ವಿಷ ನೀರಿಗೆ ಸೇರಿತೆಂದು ತಿಳಿಯುತ್ತಾರೆ. ಗೊಬ್ಬರ ಬಂತು, ಹೂಳಿನ ಅಗತ್ಯ ತಪ್ಪಿತು, ಯಾರೂ ತೆಗೆಯಲಿಲ್ಲ, ಕೆರೆ ಆಳ ಕಳೆದುಕೊಂಡಿತು ಎಂಬ ಸರಪಳಿಯಲ್ಲಿ ನಡುವಿನ ಎರಡು ಕೊಂಡಿಗಳು ಬಿದ್ದುಹೋದವು. ‘ಹಲವು ಊರುಗಳಲ್ಲಿ’ ಎಂಬ ಮಿತಿಯೂ ಹೋಗಿ ಎಲ್ಲ ಕೆರೆಗಳೂ ಹಾಳಾದವು. ಸರ್ಕಾರವಂತೂ ಗದ್ಯದಲ್ಲಿ ಇರಲೇ ಇಲ್ಲ. ಸಂಕ್ಷೇಪಿಸುವಾಗ ಗಾಡಿ, ಬೇಸಿಗೆ ಮುಂತಾದ ವಿವರಗಳನ್ನು ಬಿಟ್ಟರೆ ನಷ್ಟವಿಲ್ಲ. ಕಾರಣವನ್ನು ಮತ್ತು ‘ಹಲವು’, ‘ಬಹುಶಃ’ ಎಂಬಂಥ ಸಣ್ಣ ಪದಗಳನ್ನು ಬಿಟ್ಟರೆ ಉಳಿಯುವುದು ಬೇರೆಯೇ ಲೇಖನ.

ಕೊನೆಗೆ, ದೊಡ್ಡವನೆಂಬ ಹಮ್ಮಿನಿಂದ, ನಾನೇ 16 ಪದಗಳಲ್ಲಿ ಬರೆದು ತೋರಿಸಿದೆ: “ಹೊಲಕ್ಕೆ ಗೊಬ್ಬರವಾಗುತ್ತಿದ್ದ ಕೆರೆಯ ಹೂಳನ್ನು ರಾಸಾಯನಿಕ ಗೊಬ್ಬರ ಬಂದ ಮೇಲೆ ಹಲವೆಡೆ ಯಾರೂ ತೆಗೆಯದಿರುವುದರಿಂದ ಅಲ್ಲಿನ ಕೆರೆಗಳಲ್ಲಿ ಹೆಚ್ಚು ನೀರು ನಿಲ್ಲುತ್ತಿಲ್ಲ.” ಐದು ವಾಕ್ಯಗಳು ಒಂದಾದದ್ದು ಕನ್ನಡದ ಕೃದಂತಗಳ ಕೃಪೆಯಿಂದ: ‘ಹಾಕುತ್ತಿದ್ದರು’ ಎಂದು ಮುಗಿಯುತ್ತಿದ್ದ ವಾಕ್ಯ ‘ಗೊಬ್ಬರವಾಗುತ್ತಿದ್ದ’ ಎಂದಾಗಿ ಹೂಳಿಗೆ ವಿಶೇಷಣವಾಗಿ ಅಂಟಿಕೊಂಡಿತು.

ಅವಳು ಬೆರಳು ಮಡಿಸುತ್ತ ಎಣಿಸಿದಳು. ನಮ್ಮ ಭಾಷೆಯಲ್ಲಿ ಪದಗಳ ಲೆಕ್ಕ ನಂಬುವಂಥದ್ದಲ್ಲ. ಸಂಧಿ ಸಮಾಸ ಮಾಡಿದಷ್ಟೂ ಸಂಖ್ಯೆ ಇಳಿಯುತ್ತದೆ, ಹಾಳೆಯಲ್ಲಿ ಹಿಡಿಯುವ ಜಾಗ ಮಾತ್ರ ಹೆಚ್ಚೇನೂ ಕಡಿಮೆಯಾಗುವುದಿಲ್ಲ. ಅವಳ ಬೆರಳು ‘ಹಲವೆಡೆ’ಯ ಬಳಿ ನಿಂತಿತು.

“ಇದು ‘ಹಲವು ಎಡೆ’ ತಾನೆ ಚಿಕ್ಕಪ್ಪ? ಹಾಗಾದರೆ ಹದಿನೇಳಾಯಿತು.”