ಪರೀಕ್ಷೆ ಆಗಿದೆಯಂತೆ, ಫಲಿತಾಂಶ ಕೇಳಬಾರದಂತೆ

ಕಳೆದ ತಿಂಗಳ ಒಂದು ಭಾನುವಾರ ಬೆಳಿಗ್ಗೆ ಅಕ್ಕನ ಮಗಳು ರೂಮಿನಿಂದ ಹೊರಗೆ ಬಂದಾಗ ಅವಳ ಕೆನ್ನೆ ಎರಡೂ ಕೆಂಪಗೆ ಊದಿದ್ದವು. ಕಣ್ಣಿನ ಕೆಳಗೆ ಸಾಸಿವೆ ಕಾಳಿನಷ್ಟು ಗುಳ್ಳೆಗಳು. ಬೇರೆ ಯಾರಾದರೂ ಆಗಿದ್ದರೆ ಕೂಗಿಕೊಳ್ಳುತ್ತಿದ್ದರು. ಇವಳು ಮಾತ್ರ ವಾದಕ್ಕೆ ನಿಂತಳು.

‘ಮಾಮ, ಇದು ಆಗೋಕೆ ಚಾನ್ಸೇ ಇಲ್ಲ. ನೋಡಿ, ಈ ಕ್ರೀಮ್ ಮೇಲೆ ಡರ್ಮಟಾಲಜಿಸ್ಟ್ ಟೆಸ್ಟೆಡ್ ಅಂತ ಬರ್ದಿದೆ.’

ಮುಖ ಒಂದು ಹೇಳುತ್ತಿದೆ, ಟ್ಯೂಬ್ ಇನ್ನೊಂದು ಹೇಳುತ್ತಿದೆ. ಅವಳು ಟ್ಯೂಬನ್ನು ನಂಬಿದಳು. ಐವತ್ತು ಗ್ರಾಂಗೆ 650 ರೂಪಾಯಿ ಕೊಟ್ಟ ಮೇಲೆ ಯಾರೇ ಆದರೂ ನಂಬಲೇಬೇಕು. ಇಸಿದುಕೊಂಡು ಕನ್ನಡಕ ಏರಿಸಿ ನೋಡಿದೆ. ಮುಂಭಾಗದಲ್ಲಿ ನಾಲ್ಕು ಬಿರುದುಗಳು: ಡರ್ಮಟಾಲಜಿಸ್ಟ್ ಟೆಸ್ಟೆಡ್, ಹೈಪೋಅಲರ್ಜೆನಿಕ್, ನಾನ್-ಕಾಮೆಡೋಜೆನಿಕ್, ಮತ್ತು ಎಲೆಯ ಚಿತ್ರದ ಪಕ್ಕ 97% ನ್ಯಾಚುರಲ್. ರಾಜ್ಯೋತ್ಸವ ಪ್ರಶಸ್ತಿಯ ಅರ್ಜಿಯಲ್ಲೂ ಇಷ್ಟು ಬಿರುದು ಇರುವುದಿಲ್ಲ.

ಮೊದಲನೆಯದನ್ನೇ ನಿಧಾನವಾಗಿ ಓದಿ. ಚರ್ಮದ ಡಾಕ್ಟರಿಂದ ಪರೀಕ್ಷಿಸಲ್ಪಟ್ಟಿದೆ. ಸರಿ, ಪಾಸಾಯಿತೇ? ಅದು ಬರೆದಿಲ್ಲ. ಎಸ್ಸೆಸ್ಸೆಲ್ಸಿ ಮುಗಿಸಿದ ಹುಡುಗನನ್ನು ‘ಏನಪ್ಪಾ, ರಿಸಲ್ಟ್ ಏನಾಯ್ತು?’ ಅಂತ ಕೇಳಿದರೆ ‘ಅಂಕಲ್, ನಾನು ಪರೀಕ್ಷೆ ಬರ್ದಿದೀನಿ’ ಎಂದು ಜಾಗ ಖಾಲಿ ಮಾಡುತ್ತಾನಲ್ಲ, ಇದೂ ಅದೇ. ಎಷ್ಟು ಜನ ಡಾಕ್ಟರು, ಎಷ್ಟು ಜನರ ಚರ್ಮ, ಎಷ್ಟು ದಿನ, ಯಾವುದನ್ನೂ ಹೇಳಬೇಕೆಂದಿಲ್ಲ. ನಮ್ಮ ಬಡಾವಣೆಯ ರಸ್ತೆಯೂ ಇಂಜಿನಿಯರ್ ಟೆಸ್ಟೆಡ್ಡೇ. ಅವರು ಬಂದರು, ಗುಂಡಿ ನೋಡಿದರು, ಹೋದರು.

ಹಾಗಂತ ಪರೀಕ್ಷೆಯೇ ನಡೆಯುವುದಿಲ್ಲ ಎಂದಲ್ಲ. ಪ್ರಾಮಾಣಿಕ ಕಂಪನಿಗಳು ಮಾಡಿಸುವ ಒಂದು ಪರೀಕ್ಷೆ ಇದೆ. ಸಾಮಾನ್ಯವಾಗಿ ಐವತ್ತರಿಂದ ಇನ್ನೂರು ಜನರನ್ನು ಸೇರಿಸುತ್ತಾರೆ. ಬೆನ್ನಿನ ಒಂದೇ ಜಾಗಕ್ಕೆ ಕ್ರೀಮಿನ ಪಟ್ಟಿ ಅಂಟಿಸುತ್ತಾರೆ, ವಾರಕ್ಕೆ ಮೂರು ಸಲದಂತೆ ಮೂರು ವಾರ, ಒಟ್ಟು ಒಂಬತ್ತು ಪಟ್ಟಿ. ಆಮೇಲೆ ಸುಮಾರು ಎರಡು ವಾರ ಬಿಡುವು. ಅಲರ್ಜಿ ಒಳಗೊಳಗೇ ಕುದುರುವುದಿದ್ದರೆ ಕುದುರಲಿ ಅಂತ. ಕೊನೆಗೆ ಅದೇ ಕ್ರೀಮನ್ನು ಬೆನ್ನಿನ ಹೊಸ ಜಾಗಕ್ಕೆ ಅಂಟಿಸಿ, ಎರಡನೇ ದಿನ ಒಮ್ಮೆ, ನಾಲ್ಕನೇ ದಿನ ಒಮ್ಮೆ ನೋಡುತ್ತಾರೆ. ಒಳ್ಳೆಯ ಪರೀಕ್ಷೆಯೇ.

ಆದರೆ ಲೆಕ್ಕ ನೋಡಿ. ನೂರು ಜನರಲ್ಲಿ ಒಬ್ಬರಿಗೂ ಏನೂ ಆಗಲಿಲ್ಲ ಎಂದಿಟ್ಟುಕೊಳ್ಳೋಣ. ಕಂಪನಿ ಇದನ್ನು ‘ಸೊನ್ನೆ ಅಲರ್ಜಿ’ ಎಂದು ಓದುತ್ತದೆ. ಸಂಖ್ಯಾಶಾಸ್ತ್ರದವರಿಗೆ ಇಂಥ ಸೊನ್ನೆಗೆಂದೇ ಒಂದು ಸುಲಭ ಸೂತ್ರವಿದೆ: ಮೂರನ್ನು ಪರೀಕ್ಷಿಸಿದವರ ಸಂಖ್ಯೆಯಿಂದ ಭಾಗಿಸಿ. ಮೂರು ಭಾಗಿಸು ನೂರು, ಅಂದರೆ ಶೇಕಡ ಮೂರು. ತೊಂದರೆಯ ನಿಜವಾದ ಪ್ರಮಾಣ ಶೇಕಡ ಮೂರಕ್ಕಿಂತ ಕಡಿಮೆ ಇರಬಹುದು ಎಂದಷ್ಟೇ ಆ ಸೊನ್ನೆ ಹೇಳುತ್ತದೆ. ಅದನ್ನೂ ಶೇಕಡ 95ರಷ್ಟು ಭರವಸೆಯಿಂದ ಮಾತ್ರ. ಬೆಂಗಳೂರಲ್ಲಿ ಒಂದು ಲಕ್ಷ ಜನ ಆ ಕ್ರೀಮ್ ಹಚ್ಚಿದರೆ ಎರಡು ಸಾವಿರ ಮಂದಿ ಕೆರೆದುಕೊಳ್ಳುತ್ತಾ ಮೆಟ್ರೋ ಹತ್ತಿದರೂ ಪರೀಕ್ಷೆ ಸುಳ್ಳಾಗುವುದಿಲ್ಲ. ಆ ನೂರು ಬೆನ್ನುಗಳಲ್ಲಿ ನಮ್ಮ ಹುಡುಗಿಯ ಕೆನ್ನೆ ಇರಲಿಲ್ಲ, ಅಷ್ಟೇ.

ಇನ್ನು ಹೈಪೋಅಲರ್ಜೆನಿಕ್. ಹೈಪೋ ಎಂದರೆ ಗ್ರೀಕಿನಲ್ಲಿ ಕೆಳಗೆ, ಕಡಿಮೆ. ಯಾವುದಕ್ಕಿಂತ ಕಡಿಮೆ? ದರ್ಶಿನಿಯಲ್ಲಿ ‘ಸಕ್ಕರೆ ಕಮ್ಮಿ’ ಅಂದರೆ ಮೂರು ಚಮಚದ ಬದಲು ಎರಡೂವರೆ ಎಂದು ನಮಗೆಲ್ಲ ಗೊತ್ತು. ಈ ಪದಕ್ಕೆ ಆ ಒಪ್ಪಂದವೂ ಇಲ್ಲ. ಇಲ್ಲದಿರುವುದಕ್ಕೆ ಒಂದು ಚಂದದ ಕಥೆಯಿದೆ.

ಅಮೆರಿಕದ ಎಫ್‌ಡಿಎ 1975ರಲ್ಲಿ ಒಂದು ನಿಯಮ ತಂದಿತು. ಈ ಪದ ಹಾಕಬೇಕೆಂದರೆ ನಿಮ್ಮ ಸರಕು ಪ್ರತಿಸ್ಪರ್ಧಿಗಳ ಸರಕಿಗಿಂತ ಗಮನಾರ್ಹವಾಗಿ ಕಡಿಮೆ ತೊಂದರೆ ಕೊಡುತ್ತದೆ ಎಂದು ಮನುಷ್ಯರ ಮೇಲೆ ಪರೀಕ್ಷಿಸಿ ತೋರಿಸಿ ಅಂತ. ನ್ಯಾಯವಾದ ಮಾತು. ಆಲ್ಮೇ ಮತ್ತು ಕ್ಲಿನಿಕ್ ಎಂಬ ಎರಡು ಕಂಪನಿಗಳು ಕೋರ್ಟಿಗೆ ಹೋದವು. ಎರಡೂ ಆ ಪದವನ್ನೇ ಬಂಡವಾಳ ಮಾಡಿಕೊಂಡಿದ್ದಂಥವು. 1977ರ ಡಿಸೆಂಬರಿನಲ್ಲಿ ಮೇಲ್ಮನವಿ ನ್ಯಾಯಾಲಯ ನಿಯಮವನ್ನೇ ಹೊಡೆದುಹಾಕಿತು. ಕಾರಣವೇನು ಗೊತ್ತೇ? ನಿಯಮದಲ್ಲಿ ಹೇಳಿರುವ ಅರ್ಥದಲ್ಲೇ ಗ್ರಾಹಕರು ಈ ಪದವನ್ನು ಗ್ರಹಿಸುತ್ತಾರೆ ಎಂದು ಎಫ್‌ಡಿಎ ತೋರಿಸಲಿಲ್ಲ ಅಂತ. ಅಂದರೆ ಪದವನ್ನು ಓದಿ ಜನ ಏನು ತಿಳಿದುಕೊಳ್ಳುತ್ತಾರೋ ಯಾರಿಗೆ ಗೊತ್ತು, ಆದ್ದರಿಂದ ಅದಕ್ಕೆ ಅರ್ಥವೇ ಬೇಡ! ಅಂದಿನಿಂದ ಅಲ್ಲಿ ಅದರ ಅರ್ಥ ಕಂಪನಿಯ ಇಷ್ಟ. ನಮ್ಮ ಕಾಸ್ಮೆಟಿಕ್ಸ್ ನಿಯಮಾವಳಿ, 2020 ಕೂಡ ಆ ಪದಕ್ಕೆ ಅಳತೆಗೋಲು ಕೊಟ್ಟಿಲ್ಲ. ಲೇಬಲ್ಲಿನಲ್ಲಿ ಸುಳ್ಳು ಹೇಳಬಾರದು, ದಾರಿ ತಪ್ಪಿಸಬಾರದು ಎಂದು ಕಾನೂನಿದೆ, ನಿಜ. ಆದರೆ ಅರ್ಥವೇ ಇಲ್ಲದ ಮಾತು ಸುಳ್ಳಾಗುವುದು ಹೇಗೆ?

ನಾನ್-ಕಾಮೆಡೋಜೆನಿಕ್ ಎಂದರೆ ರಂಧ್ರ ಕಟ್ಟಿಸಿ ಬ್ಲ್ಯಾಕ್‌ಹೆಡ್, ಮೊಡವೆ ತರಿಸುವುದಿಲ್ಲ ಎಂಬ ವಾಗ್ದಾನ. ಇದರ ಮೂಲ ಹುಡುಕಿ ಹೋದರೆ ಸಿಗುವುದು ಮೊಲ. ಪದಾರ್ಥವನ್ನು ಮೊಲದ ಕಿವಿಯ ಒಳಭಾಗಕ್ಕೆ ಕೆಲವು ವಾರ ಹಚ್ಚಿ, ರಂಧ್ರ ಎಷ್ಟು ಕಟ್ಟಿಕೊಂಡಿತು ಎಂದು ಸೊನ್ನೆಯಿಂದ ಐದರವರೆಗೆ ಅಂಕ ಕೊಡುತ್ತಿದ್ದರು. ಇವತ್ತಿಗೂ ತೆಂಗಿನೆಣ್ಣೆಗೆ ನಾಲ್ಕು ಎಂದು ಭಯ ಹುಟ್ಟಿಸುವ ಪಟ್ಟಿಗಳು ಆ ಕಾಲದ ಅಂಕಪಟ್ಟಿಯ ಸಂತಾನ. ಮೊಲದ ಕಿವಿ ಮನುಷ್ಯರ ಮುಖಕ್ಕಿಂತ ಬೇಗ ಕಟ್ಟಿಕೊಳ್ಳುತ್ತದೆ ಎಂಬುದು ಆಮೇಲೆ ತಿಳಿಯಿತು. 2006ರ ಒಂದು ಅಧ್ಯಯನದಲ್ಲಿ, ಪಟ್ಟಿಯ ಪ್ರಕಾರ ‘ಕೆಟ್ಟ’ ಪದಾರ್ಥಗಳಿದ್ದ ಸಿದ್ಧ ಕ್ರೀಮುಗಳನ್ನು ಮನುಷ್ಯರ ಮೇಲೆ ನೋಡಿದಾಗ ಅವು ರಂಧ್ರ ಕಟ್ಟಿಸಲೇಬೇಕೆಂದೇನೂ ಇಲ್ಲ ಎಂದು ಕಂಡುಬಂತು. ಬಿಡಿ ಪದಾರ್ಥದ ಅಂಕ ಒಂದು, ಅದು ಸ್ವಲ್ಪವೇ ಬೆರೆತ ಕ್ರೀಮಿನ ನಡತೆ ಇನ್ನೊಂದು. ಭಾರತದಲ್ಲಿ 2014ರಲ್ಲಿ ಕಾಸ್ಮೆಟಿಕ್ಸ್‌ಗಾಗಿ ಪ್ರಾಣಿಗಳ ಮೇಲಿನ ಪರೀಕ್ಷೆಯೇ ನಿಷೇಧವಾಯಿತು. ಮೊಲ ಬಚಾವಾಯಿತು. ಪದ ಉಳಿಯಿತು. ಈಗ ಪ್ರತಿ ಕಂಪನಿಯೂ ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುತ್ತಿದೆ.

97% ನ್ಯಾಚುರಲ್‌ಗೆ ಬರೋಣ, ನನಗೆ ಅತ್ಯಂತ ಇಷ್ಟವಾದದ್ದು ಇದೇ. ಈ ಶೇಕಡಾವಾರು ಎಲ್ಲಿಂದ ಬರುತ್ತದೆ? ಐಎಸ್‌ಒ 16128 ಎಂಬ ಅಂತರರಾಷ್ಟ್ರೀಯ ಲೆಕ್ಕಾಚಾರವೊಂದಿದೆ. ಅದರಲ್ಲಿ ಪ್ರತಿ ಪದಾರ್ಥಕ್ಕೂ ಸೊನ್ನೆಯಿಂದ ಒಂದರವರೆಗೆ ನೈಸರ್ಗಿಕ ಮೂಲದ ಸೂಚ್ಯಂಕ. ನೀರಿಗೆ ಪೂರ್ತಿ ಒಂದು. ನೀರು ಪ್ರಕೃತಿಯದ್ದಲ್ಲ ಎಂದು ಯಾರು ತಾನೇ ಹೇಳುತ್ತಾರೆ? ಕ್ರೀಮಿನಲ್ಲಿ ನೂರಕ್ಕೆ ಎಪ್ಪತ್ತು ಭಾಗ ನೀರು ಎಂದಿಟ್ಟುಕೊಳ್ಳಿ. ಮುಚ್ಚಳ ಮುಚ್ಚುವ ಮೊದಲೇ 70% ನ್ಯಾಚುರಲ್ ಆಯಿತು. ಎಣ್ಣೆಕಾಳಿನಿಂದ ತೆಗೆದ ಗ್ಲಿಸರಿನ್ ಐದು, ತಾಳೆ-ತೆಂಗಿನ ಎಣ್ಣೆಯಿಂದ ಕಾರ್ಖಾನೆಯಲ್ಲಿ ತಯಾರಾದ ಕೊಬ್ಬಿನ ಆಲ್ಕೋಹಾಲು, ಮೇಣ ಎಲ್ಲ ಸೇರಿ ಇಪ್ಪತ್ತೆರಡು. ಒಟ್ಟು 97. ಗಿಡಮೂಲಿಕೆಯ ಹನಿಯೂ ಇನ್ನೂ ಬಿದ್ದಿಲ್ಲ! ನೀರು ಬಿಟ್ಟು ಲೆಕ್ಕ ಹಾಕಲೂ ಆ ಮಾನದಂಡದಲ್ಲಿ ದಾರಿಯಿದೆ, ಆ ಸಂಖ್ಯೆಯನ್ನು ಡಬ್ಬಿಯ ಮುಂದೆ ದೊಡ್ಡದಾಗಿ ಬರೆಯುವ ಪುಣ್ಯಾತ್ಮರು ಕಡಿಮೆ. ಈ ಲೆಕ್ಕದಲ್ಲಿ ನಮ್ಮ ಮನೆಯ ಸಂಪಿನಲ್ಲಿರುವ ಕಾವೇರಿ 100% ನ್ಯಾಚುರಲ್. ಸಾವಿರ ಲೀಟರಿಗೆ ಎಷ್ಟು ಕಟ್ಟುತ್ತೇವೆಂದು ನಿಮಗೇ ಗೊತ್ತು.

ಹಾಗಾದರೆ ಎಲೆಯ ಚಿತ್ರ ಎಲ್ಲಿಂದ? ಟ್ಯೂಬಿನ ಹಿಂಭಾಗ ತಿರುಗಿಸಿ, ಇರುವೆ ಸಾಲಿನಂಥ ಅಕ್ಷರದ ಇಂಗ್ರೀಡಿಯೆಂಟ್ಸ್ ಓದಿ. ಶೇಕಡ ಒಂದಕ್ಕಿಂತ ಹೆಚ್ಚಿರುವುದನ್ನೆಲ್ಲ ಹೆಚ್ಚಿನಿಂದ ಕಡಿಮೆಗೆ ಸಾಲಾಗಿ ಬರೆಯಬೇಕು. ಒಂದಕ್ಕೆ ಇಳಿದ ಮೇಲೆ ಯಾವುದನ್ನು ಬೇಕಾದರೂ ಮೊದಲು ಬರೆಯಬಹುದು. ಗಡಿ ಎಲ್ಲಿ ಎಂದು ಬರೆದಿರುವುದಿಲ್ಲ, ಆದರೆ ಪತ್ತೆ ಮಾಡಬಹುದು. ಫೀನಾಕ್ಸಿಎಥನಾಲ್ ಎಂಬ ಸಂರಕ್ಷಕಕ್ಕೆ ಸಾಮಾನ್ಯವಾಗಿ ಶೇಕಡ ಒಂದೇ ಗರಿಷ್ಠ ಮಿತಿ. ಅದಾದ ಮೇಲೆ ಬರುವ ಹೆಸರುಗಳೆಲ್ಲ ಒಂದು ಅಥವಾ ಅದಕ್ಕಿಂತ ಕಡಿಮೆ. ನಮ್ಮ ಟ್ಯೂಬಿನಲ್ಲಿ ಫೀನಾಕ್ಸಿಎಥನಾಲ್ ಏಳನೆಯದು. ಚಿತ್ರದಲ್ಲಿ ನಗುತ್ತಿದ್ದ ಕ್ಯಾಲೆಂಡುಲಾ ಎಂಟನೆಯದು, ಕ್ಯಾಮೊಮೈಲ್ ಒಂಬತ್ತನೆಯದು. ಮದುವೆ ಕಾರ್ಡಿನಲ್ಲಿ ಮಂತ್ರಿಗಳ ಹೆಸರು ಹಾಕಿಸಿದ ಹಾಗೆ. ಬರುವುದಿಲ್ಲ, ಹೆಸರಿಗೆ ಇರಲಿ.

ಇಲ್ಲಿ ಮಾತ್ರ ಮಂತ್ರಿಗಳು ಬಂದೇಬಿಟ್ಟಿದ್ದರು.

ಚರ್ಮದ ಡಾಕ್ಟರು ಎಲ್ಲ ಕೇಳಿಕೊಂಡು, ಮುಖ ತಿಳಿಯಾಗುವವರೆಗೆ ಕಾಯಿಸಿ, ಹುಡುಗಿಯ ಬೆನ್ನಿಗೆ ಸಾಲಾಗಿ ಪುಟ್ಟ ಅಲ್ಯೂಮಿನಿಯಂ ಬಟ್ಟಲುಗಳನ್ನು ಅಂಟಿಸಿದರು. ಒಂದೊಂದರಲ್ಲಿ ಒಂದೊಂದು ಅಲರ್ಜಿಕಾರಕ, ಕೊನೆಯದರಲ್ಲಿ ನಮ್ಮ 650 ರೂಪಾಯಿಯ ಕ್ರೀಮು. ಎರಡು ದಿನ ಬೆನ್ನಿಗೆ ನೀರು ಸೋಕಿಸುವಂತಿಲ್ಲ. ನಾಲ್ಕನೇ ದಿನ ನೋಡಿದರೆ ಎರಡು ಜಾಗ ಕೆಂಪಗೆ ಎದ್ದಿದ್ದವು. ಒಂದು ಕ್ರೀಮು. ಇನ್ನೊಂದು ಪಾರ್ಥೇನಿಯಂ.

‘ಪಾರ್ಥೇನಿಯಂ ಅಂದ್ರೆ ಕಾಂಗ್ರೆಸ್ ಗಿಡಾನಾ ಡಾಕ್ಟ್ರೇ? ನಮ್ಮ ಪಕ್ಕದ ಖಾಲಿ ಸೈಟಲ್ಲಿ ಆಳೆತ್ತರ ಬೆಳ್ದಿದೆ,’ ಎಂದೆ.

‘ಅದೇ. ಕ್ಯಾಮೊಮೈಲು, ಕ್ಯಾಲೆಂಡುಲಾ ಎಲ್ಲ ಅದೇ ಸೇವಂತಿಗೆ ಕುಟುಂಬದವು. ಒಂದಕ್ಕೆ ಆಗದವರಿಗೆ ಇನ್ನೊಂದೂ ಆಗದೇ ಇರಬಹುದು,’ ಎಂದರು. ‘ಮುಂದೆ ಯಾವ ಕ್ರೀಮ್ ತಗೊಂಡ್ರೂ ಮೊದ್ಲು ಮೊಣಕೈ ಮಡಿಕೆ ಹತ್ರ ದಿನಕ್ಕೆರಡು ಸಲ, ಒಂದು ವಾರ ಹತ್ತು ದಿನ ಹಚ್ಚಿ ನೋಡಮ್ಮ. ಮುಖಕ್ಕೆ ಆಮೇಲೆ. ಮೊಡವೆ ಬರುತ್ತಾ ಇಲ್ವಾ ಅಂತ ಮಾತ್ರ ಇದ್ರಲ್ಲಿ ಗೊತ್ತಾಗಲ್ಲ, ಅದಕ್ಕೆ ಎಷ್ಟೋ ವಾರ ಬೇಕು.’

ಆಟೋದಲ್ಲಿ ಬರುವಾಗ ಹುಡುಗಿ ಮೌನವಾಗಿದ್ದಳು. ಪಕ್ಕದ ಸೈಟು ಬಂದಾಗ ಕಾಂಗ್ರೆಸ್ ಗಿಡ ಬಿಳಿ ಹೂ ಬಿಟ್ಟು ಗಾಳಿಗೆ ತೂಗುತ್ತಿತ್ತು. ಅಪ್ಪಟ ನ್ಯಾಚುರಲ್, ನೂರಕ್ಕೆ ನೂರು, ಕಾಸೂ ಕೇಳುವುದಿಲ್ಲ.

‘ಅಲ್ಲ ಮಾಮ, ಈಗಂತೂ ಈ ಕ್ರೀಮನ್ನ ನಿಜವಾಗ್ಲೂ ಡರ್ಮಟಾಲಜಿಸ್ಟ್ ಟೆಸ್ಟ್ ಮಾಡಿದ್ರಲ್ಲ?’ ಎಂದಳು.

ಹೌದಲ್ಲ! ಕಂಪನಿಯವರು ಇನ್ನು ನಿರಾಳವಾಗಿ ಬರೆದುಕೊಳ್ಳಬಹುದು.

ಟ್ಯೂಬು ಅರ್ಧಕ್ಕಿಂತ ಹೆಚ್ಚು ಉಳಿದಿತ್ತು. ನನ್ನ ಹೆಂಡತಿ ಎಸೆಯಲು ಬಿಡಲಿಲ್ಲ. ಈಗ ಅದನ್ನು ನನ್ನ ಒಡೆದ ಹಿಮ್ಮಡಿಗೆ ರಾತ್ರಿ ಹೊತ್ತು ಹಚ್ಚುತ್ತಿದ್ದಾರೆ. ಪರೀಕ್ಷೆ ಎರಡನೇ ವಾರಕ್ಕೆ ಕಾಲಿಟ್ಟಿದೆ, ಹಿಮ್ಮಡಿಗಳು ಒಟ್ಟು ಎರಡು. ಫಲಿತಾಂಶ ಮಾತ್ರ ಕೇಳಬೇಡಿ.