ಸಿಂಕಿನ ಅಡಿಯಲ್ಲಿ ಎಡ ಯಾವುದು, ಬಲ ಯಾವುದು?

ನಮ್ಮ ಅಡುಗೆಮನೆಯ ಸಿಂಕಿನ ಕೆಳಗಿನ ಕಪಾಟಿನಲ್ಲಿ ಈರುಳ್ಳಿ ಬುಟ್ಟಿಯ ಪಕ್ಕಕ್ಕೆ ಒಂದು ಸ್ಟೀಲ್ ಡಬರಿ ಬಂದು ಕೂತು ಎರಡು ತಿಂಗಳಾಗಿತ್ತು. ಸಿಂಕಿನ ತೂತಿಗೆ ಕೂರಿಸಿರುವ ವೇಸ್ಟ್ ಕಪ್ಲಿಂಗಿನಿಂದ ಸೋರುವ ನೀರನ್ನು ಹಿಡಿಯುವುದು ಅದರ ಕೆಲಸ, ರಾತ್ರಿ ಮಲಗುವ ಮುನ್ನ ಅದನ್ನು ಖಾಲಿ ಮಾಡುವುದು ನನ್ನ ಕೆಲಸ. ನಾವು ಸದಾ ಕರೆಯುವ ಪ್ಲಂಬರ್ ಊರ ಜಾತ್ರೆಗೆಂದು ಹೋದವರು ಹಿಂದಿರುಗುವ ಸೂಚನೆಯೇ ಇರಲಿಲ್ಲ. ಒಂದು ಶನಿವಾರ ಸಂಜೆ ನನ್ನ ಹೆಂಡತಿ, "ರೀ, ಆ ಡಬರಿ ನನಗೆ ಹಬ್ಬಕ್ಕೆ ಬೇಕು" ಎಂದಳು. ಸೋರಿಕೆಯ ವಿಚಾರವನ್ನು ಅವಳು ಎತ್ತಲಿಲ್ಲ, ಎತ್ತುವ ಅಗತ್ಯವೂ ಇರಲಿಲ್ಲ.

ಟಾರ್ಚ್ ಹಿಡಿದು ಮಲಗಿ ನೋಡಿದಾಗ ರೋಗದ ಮೂಲ ತಿಳಿಯಿತು. ಸಿಂಕಿನ ತಳಕ್ಕೂ ಕಪ್ಲಿಂಗಿನ ದೊಡ್ಡ ಹಿತ್ತಾಳೆ ನಟ್ಟಿಗೂ ನಡುವೆ ಇದ್ದ ರಬ್ಬರ್ ವಾಷರ್ ಹನ್ನೆರಡು ವರ್ಷಗಳಲ್ಲಿ ಒಣಗಿ, ಹಳೆಯ ಚಪ್ಪಲಿಯ ಅಟ್ಟೆಯಂತೆ ಬಿರುಕು ಬಿಟ್ಟಿತ್ತು. ಬೆಂಗಳೂರಿನ ನಮ್ಮ ಬಡಾವಣೆಯ ಬೋರ್‌ವೆಲ್ ನೀರು ಆ ಬಿರುಕಿನಿಂದ ಹನಿಹನಿಯಾಗಿ ಇಳಿದು, ನಟ್ಟಿನ ತಿರುಪಿನ ಮರೆಗಳ ಮೇಲೆಯೇ ಆರಿ, ತನ್ನಲ್ಲಿದ್ದ ಸುಣ್ಣದಂಶವನ್ನು ಅಲ್ಲೇ ಬಿಟ್ಟುಹೋಗಿತ್ತು. ಅದರ ಮೇಲೆ ಒಗ್ಗರಣೆಯ ಎಣ್ಣೆ, ಪಾತ್ರೆ ತೊಳೆದ ಸೋಪು ಎಲ್ಲವೂ ಸೇರಿದ್ದವು. ಗಡಸು ನೀರಿನ ಕ್ಯಾಲ್ಸಿಯಂ ಸೋಪಿನೊಡನೆ ಬೆರೆತರೆ ನೀರಿನಲ್ಲಿ ಕರಗದ ಮೇಣದಂಥ ವಸ್ತುವಾಗುತ್ತದೆ. ಆದ್ದರಿಂದ ನನ್ನ ಎದುರಿಗಿದ್ದದ್ದು ಒಳಗೆ ಕಲ್ಲು, ಹೊರಗೆ ಮೇಣ ಮೆತ್ತಿಕೊಂಡ ಒಂದು ಪುಟ್ಟ ಕೋಟೆ.

ಹೊಸ ಕಪ್ಲಿಂಗಿನ ಬೆಲೆ ಕೆಲವು ನೂರು ರೂಪಾಯಿ. ವಾಷರಿಗೆ ಹತ್ತೋ ಇಪ್ಪತ್ತೋ. ನಟ್ಟನ್ನು ಮಾತ್ರ ಬಿಚ್ಚಿ, ವಾಷರ್ ಬದಲಿಸಿ, ಹಳೆಯದನ್ನೇ ಉಳಿಸಿಕೊಳ್ಳುವುದೆಂದು ನಾನು ತೀರ್ಮಾನಿಸಿದೆ. ಭಾನುವಾರವಿಡೀ ನಾನು ಅನುಭವಿಸಿದ್ದಕ್ಕೆಲ್ಲ ಈ ಉಳಿತಾಯದ ಬುದ್ಧಿಯೇ ಕಾರಣ.

ಸುಣ್ಣಕ್ಕೆ ಹುಳಿ ಮದ್ದು ಎಂಬುದು ಗೊತ್ತಿದ್ದರಿಂದ, ಶನಿವಾರ ರಾತ್ರಿ ವಿನಿಗರ್‌ನಲ್ಲಿ ನೆನೆಸಿದ ಬಟ್ಟೆಯನ್ನು ನಟ್ಟಿಗೆ ಸುತ್ತಿ ಮಲಗಿದೆ. ಬೆಳಿಗ್ಗೆ ಬಟ್ಟೆ ಒಣಗಿತ್ತು, ಅಡುಗೆಮನೆಗೆ ಉಪ್ಪಿನಕಾಯಿ ಜಾಡಿಯ ವಾಸನೆ ಬಂದಿತ್ತು, ನಟ್ ಮಾತ್ರ ಇದ್ದ ಹಾಗೆಯೇ ಇತ್ತು. ಜಿಡ್ಡಿನ ಕಂಬಳಿ ಹೊದ್ದ ಸುಣ್ಣವನ್ನು ವಿನಿಗರ್ ಮುಟ್ಟಲಾರದು ಎಂಬುದು ಆಗ ಹೊಳೆಯಿತು. ಮೊದಲು ಜಿಡ್ಡು ಹೋಗಬೇಕು, ಆಮೇಲೆ ಹುಳಿಯ ಸರದಿ. ಕೆಳಗಿನ ಪ್ಲಾಸ್ಟಿಕ್ ವೇಸ್ಟ್ ಪೈಪನ್ನು ಕೈಯಿಂದಲೇ ಬಿಚ್ಚಿ ಪಕ್ಕಕ್ಕಿಟ್ಟೆ, ಏಕೆಂದರೆ ಕುದಿಯುವ ನೀರಿಗೆ ಅದು ಮೆತ್ತಗಾಗಿ ಸೊಟ್ಟಗಾಗುತ್ತದೆ. ಆಮೇಲೆ ಒಂದು ಮಗ್ ಬಿಸಿನೀರಿಗೆ ಎರಡು ಚಮಚ ವಾಷಿಂಗ್ ಸೋಡಾ ಬೆರೆಸಿ, ಕೈಗವಸು ಹಾಕಿಕೊಂಡು, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಮರೆಗಳನ್ನು ಉಜ್ಜಿದೆ. ಕಪ್ಪು ಮೇಣ ಕರಗಿ ಇಳಿಯತೊಡಗಿತು. ಅದರ ಬಹುಪಾಲು ಬಕೆಟ್ಟಿಗೂ ಉಳಿದದ್ದು ನನ್ನ ಅಂಗಿತೋಳಿನೊಳಕ್ಕೂ ಹೋಯಿತು. ಮಲಗಿಕೊಂಡು ಮೇಲಕ್ಕೆ ಕೈಯೆತ್ತಿ ಉಜ್ಜುವವರಿಗೆ ಅಂಗಿತೋಳು ಒಂದು ಕೊಳವೆ ಎಂಬುದನ್ನು ಯಾರೂ ಹೇಳಿಕೊಡುವುದಿಲ್ಲ.

ಬಿಳಿಯ ಸುಣ್ಣ ಕಾಣಿಸಿಕೊಂಡ ಮೇಲೆ ಮತ್ತೆ ವಿನಿಗರ್ ಬಟ್ಟೆ ಸುತ್ತಿದೆ. ಈ ಸಲ ಅದು ಒಣಗದಂತೆ ಪ್ಲಾಸ್ಟಿಕ್ ಕವರ್ ಕಟ್ಟಿದೆ. ಕಿವಿಗೊಟ್ಟರೆ ಸಣ್ಣಗೆ ಸುರ್ರೆನ್ನುವ ಸದ್ದು ಕೇಳಿಸಿತು. ಗುಳ್ಳೆ ಏಳುತ್ತಿದೆ ಎಂದರೆ ಹುಳಿಗೆ ಸುಣ್ಣ ಸಿಕ್ಕಿದೆ ಎಂದರ್ಥ. ಎರಡು ಗಂಟೆಗಳ ನಂತರ ಬಿಚ್ಚಿ, ನಟ್ಟಿನ ಸುತ್ತ ಮರದ ತುಂಡಿಟ್ಟು ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದೆ. ಒಂದಿಷ್ಟು ಬಿಳಿಯ ಪುಡಿ ಉದುರಿತು, ಅದರಲ್ಲಿ ಅರ್ಧ ನನ್ನ ಬಾಯಿಗೆ ಬಿತ್ತು.

ಪೈಪ್ ರೆಂಚ್ ಹಾಕಿ ತಿರುಗಿಸತೊಡಗಿದವನು ಅರ್ಧ ಗಂಟೆ ಹೆಣಗಿದೆ. ಸಡಿಲಿಸಲು ಎಡಕ್ಕೆ ತಿರುಗಿಸಬೇಕೆಂಬುದು ಎಲ್ಲರಿಗೂ ಗೊತ್ತು. ಆದರೆ ಬೆನ್ನ ಮೇಲೆ ಮಲಗಿ, ಕತ್ತು ಕಪಾಟಿನ ಚೌಕಟ್ಟಿಗೆ ಸಿಕ್ಕಿಕೊಂಡಿರುವಾಗ, ಎಡ ಎಂದರೆ ಯಾರ ಎಡ? ಸಿಂಕಿನ ಮುಂದೆ ನಿಂತು ಮೇಲಿನಿಂದ ನೋಡುತ್ತಿರುವವನಂತೆ ಮನಸ್ಸಿನಲ್ಲೇ ಊಹಿಸಿಕೊಂಡು ನಾನು ತಿರುಗಿಸುತ್ತಿದ್ದೆ. ನಟ್ ಇರುವುದು ಕೆಳಗೆ, ಆದ್ದರಿಂದ ನೋಡಬೇಕಾದದ್ದೂ ಕೆಳಗಿನಿಂದಲೇ. ಕೆಳಗಿನವನಿಗೆ ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ತಿರುಗುವುದು ಮೇಲಿನವನಿಗೆ ಮುಳ್ಳಿನ ದಿಕ್ಕಿನಲ್ಲೇ ತಿರುಗಿದಂತೆ ಕಾಣುತ್ತದೆ. ಅಂದರೆ ಅಷ್ಟು ಹೊತ್ತು ನಾನು ಬೆವರು ಸುರಿಸಿ ಅದನ್ನು ಇನ್ನಷ್ಟು ಬಿಗಿ ಮಾಡಿದ್ದೆ. ಹಟಮಾರಿ ನಟ್ಟನ್ನು ಬಿಚ್ಚುವ ಮೊದಲು ಕೂದಲೆಳೆಯಷ್ಟು ಬಿಗಿ ಮಾಡಿದರೆ ಒಳಗಿನ ಸುಣ್ಣ ಬಿರುಕುಬಿಡುತ್ತದೆ ಎಂದು ಬಲ್ಲವರು ಹೇಳುತ್ತಾರೆ. ನಾನು ಮಾಡಿದ್ದೂ ಅದನ್ನೇ ಎಂದು ಹೆಂಡತಿಗೆ ವಿವರಿಸಿದೆ. ಅವಳು ನಂಬಲಿಲ್ಲ.

ದಿಕ್ಕು ಬದಲಿಸಿದ ಕೂಡಲೇ ನಟ್ ಸಲೀಸಾಗಿ ತಿರುಗಿತು. ನನ್ನ ಆನಂದ ನಾಲ್ಕು ಸುತ್ತು ಬಾಳಿತು. ಐದನೆಯ ಸುತ್ತಿಗೂ ನಟ್ ಒಂದು ಕೂದಲೆಳೆಯಷ್ಟೂ ಕೆಳಗಿಳಿದಿರಲಿಲ್ಲ. ಮೇಲಿನಿಂದ, "ರೀ, ಇಲ್ಲಿ ಜಾಲರಿಯೂ ತಿರುಗ್ತಾ ಇದೆ" ಎಂಬ ಮಾತು ಕೇಳಿಸಿತು. ಅಂಟಿಕೊಂಡಿದ್ದ ನಟ್ಟಿನ ಜೊತೆಗೆ ಇಡೀ ಕಪ್ಲಿಂಗೇ ಸುತ್ತುತ್ತಿತ್ತು. ಜಾಲರಿಯ ಸಂದುಗಳಲ್ಲಿ ಎರಡು ಸ್ಕ್ರೂಡ್ರೈವರ್ ಇಳಿಸಿ, ಅವುಗಳ ನಡುವೆ ಮೂರನೆಯದನ್ನು ಅಡ್ಡ ಕೊಟ್ಟು ಬಿಗಿಯಾಗಿ ಹಿಡಿಯಲು ಅವಳಿಗೆ ಹೇಳಿದೆ. "ಯಾವ ಕಡೆಗೆ ಒತ್ತಲಿ?" ಎಂದಳು. "ಎಡಕ್ಕೆ" ಎಂದೆ. "ನಿಮ್ಮ ಎಡಕ್ಕೋ, ನನ್ನ ಎಡಕ್ಕೋ?" ಹದಿನೆಂಟು ವರ್ಷಗಳ ದಾಂಪತ್ಯದಲ್ಲಿ ಇಷ್ಟು ನಿಖರವಾದ ಪ್ರಶ್ನೆಯನ್ನು ಅವಳು ಕೇಳಿರಲಿಲ್ಲ, ನನ್ನ ಬಳಿ ಉತ್ತರವೂ ಇರಲಿಲ್ಲ. ಕೊನೆಗೆ "ಒತ್ತಬೇಡ, ಅಲುಗದ ಹಾಗೆ ಹಿಡಿದುಕೋ ಅಷ್ಟೆ" ಎಂದು, ರೆಂಚಿನ ಹಿಡಿಯನ್ನು ಎರಡೂ ಕೈಗಳಿಂದ ಎಳೆದೆ. ಟಕ್ ಎಂದಿತು. ನಟ್ ಬಿಟ್ಟಿತೆಂದು ಹಿಗ್ಗಿದೆ. ಮುರಿದದ್ದು ಜಾಲರಿಯ ಅಡ್ಡಪಟ್ಟಿ.

ಇಲ್ಲಿಗೆ ಹಳೆಯ ಕಪ್ಲಿಂಗನ್ನು ಉಳಿಸುವ ಪ್ರಶ್ನೆ ಮುಗಿಯಿತು, ಅದರೊಂದಿಗೆ ಕಷ್ಟವೂ ಬಹುಪಾಲು ಮುಗಿಯಿತು. ಕಪ್ಲಿಂಗ್ ಹೇಗೂ ಗುಜರಿಗೆ ಹೋಗುವುದಾದರೆ ಅದರ ಮರೆಗಳಿಗೆ ದಯೆ ತೋರಬೇಕಾಗಿಲ್ಲ. ಹ್ಯಾಕ್ಸಾ ಚೌಕಟ್ಟು ಆ ಇಕ್ಕಟ್ಟಿನಲ್ಲಿ ಹಿಡಿಸುವುದಿಲ್ಲವಾದ್ದರಿಂದ ಬರಿಯ ಬ್ಲೇಡಿನ ಒಂದು ತುದಿಗೆ ಬಟ್ಟೆ ಸುತ್ತಿ ಹಿಡಿದು, ಸಿಂಕಿನ ತಳಕ್ಕೆ ತಾಗದಂತೆ, ನಟ್ಟನ್ನು ಓರೆಯಾಗಿ ಕೊಯ್ದೆ. ಮುಕ್ಕಾಲು ಭಾಗ ಕೊಯ್ದ ಮೇಲೆ ಆ ಸೀಳಿಗೆ ಚಪ್ಪಟೆ ಸ್ಕ್ರೂಡ್ರೈವರ್ ಇಟ್ಟು ಸುತ್ತಿಗೆಯಿಂದ ಒಂದೇಟು ಕೊಟ್ಟಾಗ, ನಟ್ ಬಾಯಿಬಿಟ್ಟು ಸಡಿಲಾಯಿತು. ಇದೆಲ್ಲಕ್ಕೆ ಹಿಡಿದದ್ದು ನಲವತ್ತು ನಿಮಿಷ. ಹಿಂದಿನ ಸಂಜೆಯೇ ಇದನ್ನು ಮಾಡಬಹುದಿತ್ತು ಎಂಬ ಮಾತನ್ನು ನಾನು ಮನೆಯಲ್ಲಿ ಆಡಲಿಲ್ಲ.

ಹಾರ್ಡ್‌ವೇರ್ ಅಂಗಡಿಯವರು ಹಳೆಯ ಕಪ್ಲಿಂಗಿನ ಬಾಯಗಲ ಅಳೆದು, ಅದೇ ಅಳತೆಯ ಹೊಸದನ್ನು ವಾಷರ್ ಸಮೇತ ಕೊಟ್ಟು, ಸೀಳಿದ ನಟ್ಟನ್ನು ತಿರುಗಿಸಿ ತಿರುಗಿಸಿ ನೋಡಿ, "ಯಾರು ಸಾರ್ ಇಷ್ಟು ಬಿಗಿ ಮಾಡಿದ್ದು?" ಎಂದು ಕೇಳಿದರು. ಹನ್ನೆರಡು ವರ್ಷಗಳ ಹಿಂದಿನ ಪ್ಲಂಬರಿನ ಮೇಲೆ ಹಾಕಿ ಪಾರಾದೆ.

ಹೊಸ ನಟ್ಟನ್ನು ಕೈಯಿಂದ ಬಿಗಿದು, ಆಮೇಲೆ ರೆಂಚಿನಿಂದ ಕಾಲು ಸುತ್ತು ಮಾತ್ರ ಕೊಟ್ಟೆ. ಹೆಚ್ಚು ಬಿಗಿದರೆ ವಾಷರ್ ಹಿಂಡಿಕೊಂಡು ಪಕ್ಕಕ್ಕೆ ಉಬ್ಬಿ ಮತ್ತೆ ಸೋರುತ್ತದೆ. ಪೈಪ್ ಜೋಡಿಸಿ, ತೂತಿಗೆ ಮುಚ್ಚಳ ಹಾಕಿ, ಸಿಂಕಿನ ತುಂಬ ನೀರು ನಿಲ್ಲಿಸಿ, ಕೆಳಗೆ ಒಣ ದಿನಪತ್ರಿಕೆ ಹಾಸಿದೆ. ಹನಿ ಬಿದ್ದರೆ ಬಟ್ಟೆಗಿಂತ ಬೇಗ ಕಾಗದದ ಮೇಲೆ ಗೊತ್ತಾಗುತ್ತದೆ. ಹತ್ತು ನಿಮಿಷ ಕಾದು, ಮುಚ್ಚಳ ಎಳೆದು ನೀರು ಬಿಟ್ಟೆ. ಕಪ್ಲಿಂಗಿನ ಸುತ್ತ ಬೆರಳಾಡಿಸಿದರೆ ಪೂರ್ತಿ ಒಣಗಿತ್ತು. ಡಬರಿಯನ್ನು ತೊಳೆದು ಹೆಂಡತಿಯ ಕೈಗೆ ವಿಧಿವತ್ತಾಗಿ ಒಪ್ಪಿಸಿದೆ.

ರಾತ್ರಿ ಮಲಗುವ ಮುನ್ನ ಅಭ್ಯಾಸಬಲದಿಂದ ಕಪಾಟು ತೆರೆದು ನೋಡಿದೆ. ಪತ್ರಿಕೆಯ ಮೂಲೆಯಲ್ಲಿ ರೂಪಾಯಿಯಗಲದ ಒಂದು ಒದ್ದೆ ಕಲೆ ಇತ್ತು. ಕಪ್ಲಿಂಗಿನ ನೇರಕ್ಕಲ್ಲ, ಇನ್ನೂ ಹಿಂದಕ್ಕೆ, ಗೋಡೆಯ ಕಡೆಗೆ. ಟಾರ್ಚ್ ಎತ್ತಿ ನೋಡಿದರೆ ನಲ್ಲಿಯ ಬುಡದಲ್ಲಿ ಮೇಣ ಮೆತ್ತಿಕೊಂಡ, ಬಿಳಿಯ ಅಂಚಿನ ಇನ್ನೊಂದು ನಟ್ ಕಾಣಿಸಿತು. ನಾನು ಟಾರ್ಚ್ ಆರಿಸಿ, ಸದ್ದಾಗದಂತೆ ಹೋಗಿ, ಡಬರಿಯನ್ನು ಮರಳಿ ತಂದಿಟ್ಟೆ.